ಒಂದು ಲಸಿಕೆ ಪೆಟ್ಟಿಗೆ, ಮೂರು ಪ್ರಶ್ನೆ: ಟೈಮ್-ಸೀರೀಸ್, ಗ್ರಾಫ್, ಲೆಡ್ಜರ್ ಡೇಟಾಬೇಸ್‌ಗಳಲ್ಲಿ ಯಾವುದು ಯಾವಾಗ ಬೇಕು

ಲಸಿಕೆ ಸಾಗಿಸುವ ಒಂದು ಸಂಸ್ಥೆ ಇದೆ ಎಂದುಕೊಳ್ಳಿ. ಅದರ ಬಳಿ 2,000 ಶೀತಲ ಕಂಟೇನರ್‌ಗಳಿವೆ. ಒಂದೊಂದರಲ್ಲೂ ಆರು ಸೆನ್ಸರ್, ಪ್ರತಿ ಸೆನ್ಸರ್ 10 ಸೆಕೆಂಡಿಗೊಮ್ಮೆ ಒಳಗಿನ ಉಷ್ಣಾಂಶವನ್ನು ಕಳಿಸುತ್ತದೆ. ಬಹಳಷ್ಟು ಲಸಿಕೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆಯೇ ಇರಬೇಕು. ಒಂದು ದಿನ ದೂರು ಬರುತ್ತದೆ: ಒಂದು ಪೆಟ್ಟಿಗೆಯ ಲಸಿಕೆ ಕೆಟ್ಟಿದೆ. ಆಗ ಕೇಳಬೇಕಾದ ಪ್ರಶ್ನೆ ಮೂರು. ಆ ಕಂಟೇನರ್ ಯಾವಾಗ, ಎಷ್ಟು ಹೊತ್ತು 8 ಡಿಗ್ರಿ ದಾಟಿತ್ತು? ಅದರಲ್ಲಿದ್ದ ಸರಕು ಆಮೇಲೆ ಎಲ್ಲೆಲ್ಲಿಗೆ ಹೋಯಿತು? ‘ಉಷ್ಣಾಂಶ ಸರಿಯಾಗಿತ್ತು’ ಎಂದು ಸಹಿಯಾದ ಪ್ರಮಾಣಪತ್ರವನ್ನು ಆಮೇಲೆ ಯಾರಾದರೂ ತಿದ್ದಿದ್ದಾರೆಯೇ?

ಕ್ಲೌಡ್ ಕಂಪನಿಗಳು ಈ ಮೂರಕ್ಕೂ ಬೇರೆ ಬೇರೆ ಡೇಟಾಬೇಸ್ ಮಾರುತ್ತವೆ. ಮೊದಲನೆಯದಕ್ಕೆ ಟೈಮ್-ಸೀರೀಸ್, ಎರಡನೆಯದಕ್ಕೆ ಗ್ರಾಫ್, ಮೂರನೆಯದಕ್ಕೆ ಲೆಡ್ಜರ್. ಮೂರನ್ನೂ ಕೊಳ್ಳಬೇಕೆಂದಿಲ್ಲ. ಈಗಾಗಲೇ ಇರುವ ಸಾಮಾನ್ಯ ಡೇಟಾಬೇಸ್ ಪೋಸ್ಟ್‌ಗ್ರೆಸ್ ಎಲ್ಲಿಯವರೆಗೆ ಸಾಕಾಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಒಂದೊಂದು ಪ್ರಶ್ನೆಗೂ ಬೇರೆಯಾಗಿ ನೋಡಬೇಕು. ಇದೇ ಸಂಸ್ಥೆಯನ್ನು ಮುಂದಿಟ್ಟುಕೊಂಡು ಆ ಕೆಲಸ ಮಾಡೋಣ.

## ಮೊದಲ ಪ್ರಶ್ನೆ: ಯಾವಾಗ, ಎಷ್ಟು ಹೊತ್ತು?

ಲೆಕ್ಕ ಸರಳ. 2,000 ಕಂಟೇನರ್‌ಗೆ ಆರರಂತೆ 12,000 ಸೆನ್ಸರ್. 10 ಸೆಕೆಂಡಿಗೊಂದು ಅಳತೆ ಎಂದರೆ ಪ್ರತಿ ಸೆಕೆಂಡಿಗೆ 1,200, ದಿನಕ್ಕೆ 10 ಕೋಟಿ 36 ಲಕ್ಷ 80 ಸಾವಿರ ಅಳತೆ. ಸೆಕೆಂಡಿಗೆ 1,200 ಸಾಲು ಬರೆಯುವುದು ಪೋಸ್ಟ್‌ಗ್ರೆಸ್‌ಗೆ ಕಷ್ಟವಲ್ಲ. ಕಷ್ಟ ಶುರುವಾಗುವುದು ಬರೆದದ್ದು ಹಳತಾದ ಮೇಲೆ. ಸಮಯಕ್ಕೆ 8 ಬೈಟ್, ಉಷ್ಣಾಂಶಕ್ಕೆ 8 ಬೈಟ್, ಸೆನ್ಸರ್ ಸಂಖ್ಯೆಗೆ 4 ಬೈಟ್ ಇರುವ ಸಾಲು, ಪೋಸ್ಟ್‌ಗ್ರೆಸ್ ಸೇರಿಸುವ ತಲೆಭಾಗವೆಲ್ಲ ಕೂಡಿ ಡಿಸ್ಕಿನಲ್ಲಿ ಸುಮಾರು 52 ಬೈಟ್ ಹಿಡಿಯುತ್ತದೆ. ದಿನಕ್ಕೆ 5 ಜಿಬಿಗೂ ಮೇಲೆ, ಇಂಡೆಕ್ಸ್ ಇನ್ನೂ ಬೇರೆ. ಮೂರು ತಿಂಗಳಾದ ಮೇಲೆ ಹಳೆಯದನ್ನು ತೆಗೆಯೋಣವೆಂದು `DELETE` ಕೊಟ್ಟರೆ ಡೇಟಾಬೇಸ್ ಒಂದೊಂದೇ ಸಾಲಿಗೆ ‘ಸತ್ತಿದೆ’ ಎಂದು ಗುರುತು ಹಾಕುತ್ತಾ ಕೂರುತ್ತದೆ. ಆ ಜಾಗವನ್ನು ಆಮೇಲೆ ಗುಡಿಸುವ ಕೆಲಸ ಹೊಸ ಅಳತೆಗಳ ಬರವಣಿಗೆಯ ಜೊತೆ ಪೈಪೋಟಿಗೆ ಬೀಳುತ್ತದೆ.

ಟೈಮ್-ಸೀರೀಸ್ ಡೇಟಾಬೇಸ್ ಹುಟ್ಟಿದ್ದೇ ಈ ತೊಂದರೆಗೆ. ಅದು ದತ್ತಾಂಶವನ್ನು ಕಾಲದ ತುಂಡುಗಳಾಗಿ ಇಡುತ್ತದೆ. ಹಳೆಯದು ಬೇಡವಾದರೆ ಆ ದಿನದ ತುಂಡನ್ನೇ ಒಟ್ಟಾಗಿ ಬಿಸಾಡುತ್ತದೆ, ಕ್ಷಣದಲ್ಲಿ ಮುಗಿಯುತ್ತದೆ. ಒಂದೇ ಸೆನ್ಸರ್‌ನ ಅಳತೆಗಳನ್ನು ಒತ್ತಾಗಿ ಜೋಡಿಸುವುದರಿಂದ ಜಾಗವೂ ಉಳಿಯುತ್ತದೆ. ಸಮಯ 10 ಸೆಕೆಂಡಿನಂತೆಯೇ ಮುಂದೆ ಹೋಗುತ್ತಿದ್ದರೆ ಪೂರ್ತಿ ಸಮಯ ಬರೆಯಬೇಕಿಲ್ಲ, ‘ಮತ್ತದೇ ಅಂತರ’ ಎಂಬ ಒಂದು ಬಿಟ್ ಸಾಕು. ಉಷ್ಣಾಂಶದಲ್ಲೂ ಹಿಂದಿನ ಅಳತೆಗಿಂತ ಬೇರೆಯಾದ ಬಿಟ್‌ಗಳನ್ನಷ್ಟೇ ಬರೆದರಾಯಿತು. ಫೇಸ್‌ಬುಕ್ 2015ರಲ್ಲಿ ತನ್ನ ಗೊರಿಲ್ಲಾ ವ್ಯವಸ್ಥೆಯ ಬಗ್ಗೆ ಪ್ರಕಟಿಸಿದ ಪ್ರಬಂಧದಲ್ಲಿ 16 ಬೈಟಿನ ಅಳತೆ ಸರಾಸರಿ 1.37 ಬೈಟಿಗೆ ಇಳಿದದ್ದು ಈ ಉಪಾಯದಿಂದಲೇ. ನಿಮ್ಮ ಸೆನ್ಸರ್‌ಗೂ ಅದೇ ಅಂಕಿ ಬರಬೇಕೆಂದಿಲ್ಲ. ಆದರೆ ಕಂಟೇನರ್‌ನೊಳಗಿನ ಉಷ್ಣಾಂಶ ನಿಧಾನವಾಗಿ ಬದಲಾಗುವಂಥದ್ದು, ಹಾಗಾಗಿ ಚೆನ್ನಾಗಿಯೇ ಕುಗ್ಗುತ್ತದೆ.

ಎಡವುವ ಜಾಗಗಳು ಬೇರೆ ಇವೆ. ಮೊದಲನೆಯದು ಸರಾಸರಿ. ಕಚ್ಚಾ ಅಳತೆಯನ್ನು 30 ದಿನ ಇಟ್ಟು, ಆಮೇಲೆ ಗಂಟೆಯ ಸರಾಸರಿಯನ್ನಷ್ಟೇ ಉಳಿಸಿಕೊಳ್ಳುವುದು ಬಹಳ ಕಡೆ ರೂಢಿ. ಒಂದು ಗಂಟೆಯಲ್ಲಿ 55 ನಿಮಿಷ 5 ಡಿಗ್ರಿ, 5 ನಿಮಿಷ 12 ಡಿಗ್ರಿ ಇತ್ತೆನ್ನಿ. ಸರಾಸರಿ 5.58. ನೋಡಿದವರಿಗೆ ಎಲ್ಲ ಸರಿ ಇದೆ, ಆದರೆ ಲಸಿಕೆ 12 ಡಿಗ್ರಿಯ ಬಿಸಿ ಕಂಡಿದೆ. ಆದ್ದರಿಂದ ಪ್ರತಿ ಅವಧಿಗೂ ಕನಿಷ್ಠ, ಗರಿಷ್ಠ, ಮೊತ್ತ, ಎಣಿಕೆ, ಜೊತೆಗೆ 8 ಡಿಗ್ರಿಗಿಂತ ಮೇಲಿದ್ದ ಸೆಕೆಂಡುಗಳು, ಇಷ್ಟನ್ನೂ ಉಳಿಸಬೇಕು. ಸರಾಸರಿಯನ್ನೇ ನೇರವಾಗಿ ಉಳಿಸಬೇಡಿ. ಮೊತ್ತ ಮತ್ತು ಎಣಿಕೆ ಇದ್ದರೆ ಯಾವ ಅವಧಿಗೆ ಬೇಕಾದರೂ ಸರಾಸರಿ ತೆಗೆಯಬಹುದು. ಸರಾಸರಿಗಳ ಸರಾಸರಿ ತೆಗೆದರೆ, ಅಳತೆ ತಪ್ಪಿಹೋದ ಗಂಟೆಗೂ ತುಂಬಿದ ಗಂಟೆಗೂ ಒಂದೇ ತೂಕ ಬಿದ್ದು ಉತ್ತರ ಕೆಡುತ್ತದೆ.

ಎರಡನೆಯದು ತಡವಾಗಿ ಬರುವ ದತ್ತಾಂಶ. ಇದೇ ಹೆಚ್ಚು ಅಪಾಯದ್ದು, ಏಕೆಂದರೆ ಎಲ್ಲಿಯೂ ಎರರ್ ಕಾಣುವುದಿಲ್ಲ. ಕಂಟೇನರ್ ನೆಟ್‌ವರ್ಕ್ ಇಲ್ಲದ ದಾರಿಯಲ್ಲಿ ಮೂರು ದಿನ ಸಾಗಿ, ಆಮೇಲೆ ಮೂರೂ ದಿನದ ಅಳತೆಯನ್ನು ಒಟ್ಟಿಗೆ ಸುರಿಯುತ್ತದೆ. ಪೋಸ್ಟ್‌ಗ್ರೆಸ್ ಮೇಲೆ ನಿಂತ ಟೈಮ್-ಸೀರೀಸ್ ಡೇಟಾಬೇಸ್ ಟೈಮ್‌ಸ್ಕೇಲ್‌ಡಿಬಿಯಲ್ಲಿ ನಿಮಿಷದ ಸಾರಾಂಶ ತಾನಾಗಿಯೇ ಹೊಸದಾಗಲೆಂದು ಹೀಗೆ ಬರೆದಿದ್ದೀರಿ ಎಂದುಕೊಳ್ಳಿ:

```sql
SELECT add_continuous_aggregate_policy('temp_1min',
  start_offset      => INTERVAL '2 days',
  end_offset        => INTERVAL '5 minutes',
  schedule_interval => INTERVAL '5 minutes');
```

ಇದರ ಅರ್ಥ, ಪ್ರತಿ ಸಲವೂ ಕಳೆದ ಎರಡು ದಿನದ ಕಿಟಕಿಯೊಳಗೆ ಬದಲಾದದ್ದನ್ನು ಮಾತ್ರ ಮತ್ತೆ ಲೆಕ್ಕ ಹಾಕು ಎಂದು. ಮೂರು ದಿನ ಹಳೆಯ ಅಳತೆ ಕಚ್ಚಾ ಟೇಬಲ್‌ಗೆ ಸರಿಯಾಗಿಯೇ ಸೇರುತ್ತದೆ, ಸಾರಾಂಶಕ್ಕೆ ಮಾತ್ರ ಸೇರುವುದೇ ಇಲ್ಲ. 30 ದಿನದ ನಂತರ ಕಚ್ಚಾ ತುಂಡು ಹೋದ ಮೇಲೆ ಆ ಮೂರು ದಿನದಲ್ಲಿ ಮೊದಲನೆಯದು ಲೋಕದಿಂದಲೇ ಅಳಿಸಿಹೋಗುತ್ತದೆ. ನೆಟ್‌ವರ್ಕ್ ಇಲ್ಲದ ದಾರಿಯಲ್ಲೇ ಕಂಟೇನರ್ ಬಿಸಿಯಾಗುವ ಸಂಭವ ಹೆಚ್ಚು ಎಂಬುದನ್ನು ನೆನೆದರೆ ಇದು ಸಣ್ಣ ವಿಷಯವಲ್ಲ. ಪತ್ತೆ ಹಚ್ಚುವ ದಾರಿ ಸುಲಭ: ದಿನಕ್ಕೊಮ್ಮೆ, ಒಂದು ವಾರ ಹಿಂದಿನ ದಿನಾಂಕಕ್ಕೆ ಕಚ್ಚಾ ಟೇಬಲ್‌ನ ಎಣಿಕೆಯನ್ನೂ ಸಾರಾಂಶದಲ್ಲಿರುವ ಎಣಿಕೆಗಳ ಮೊತ್ತವನ್ನೂ ಹೋಲಿಸಿ. ಎರಡೂ ಒಂದೇ ಇರಬೇಕು.

ಹಾಗಾದರೆ `start_offset` ಅನ್ನು 60 ದಿನಕ್ಕೆ ಹಿಗ್ಗಿಸೋಣ ಎಂದು ಹೊರಟರೆ ಇನ್ನೊಂದು ಗುಂಡಿಗೆ ಬೀಳುತ್ತೀರಿ. ಕಚ್ಚಾ ದತ್ತಾಂಶ 30 ದಿನಕ್ಕೇ ಹೋಗುತ್ತಿದ್ದು ಸಾರಾಂಶದ ಕಿಟಕಿ 60 ದಿನ ಹಿಂದಕ್ಕೆ ಚಾಚಿದರೆ, ಖಾಲಿಯಾದ ದಿನಗಳನ್ನು ಮತ್ತೆ ಲೆಕ್ಕ ಹಾಕಿ, ಇದ್ದ ಸಾರಾಂಶವನ್ನೂ ಅಳಿಸಿಬಿಡುತ್ತದೆ. ಕಿಟಕಿ ಅತಿ ಉದ್ದದ ಪ್ರಯಾಣಕ್ಕಿಂತ ದೊಡ್ಡದಿರಬೇಕು, ಕಚ್ಚಾ ದತ್ತಾಂಶದ ಆಯುಸ್ಸಿಗಿಂತ ಚಿಕ್ಕದಿರಬೇಕು. ಇಲ್ಲಿ 10 ದಿನ ಇಟ್ಟರೆ ಸರಿಹೋಗುತ್ತದೆ.

ಮೂರನೆಯದು ಸರಣಿಗಳ ಸಂಖ್ಯೆ. ಇನ್ನೊಂದು ಟೈಮ್-ಸೀರೀಸ್ ಡೇಟಾಬೇಸ್ ಇನ್‌ಫ್ಲಕ್ಸ್‌ಡಿಬಿಯ 1 ಮತ್ತು 2ನೆಯ ಆವೃತ್ತಿಗಳಲ್ಲಿ, ಅಳತೆಗೆ ಅಂಟಿಸುವ ಗುರುತುಗಳಾದ ಟ್ಯಾಗ್‌ಗಳ ಪ್ರತಿಯೊಂದು ಹೊಸ ಜೋಡಣೆಯೂ ಒಂದು ಹೊಸ ಸರಣಿ. ಸೆನ್ಸರ್ ಸಂಖ್ಯೆ ಮಾತ್ರ ಟ್ಯಾಗ್ ಆಗಿದ್ದರೆ 12,000 ಸರಣಿ. ಅನುಕೂಲಕ್ಕೆಂದು ಪ್ರಯಾಣದ ಸಂಖ್ಯೆಯನ್ನೂ ಟ್ಯಾಗ್ ಮಾಡಿದಿರಿ, ಒಂದು ಕಂಟೇನರ್ ವರ್ಷಕ್ಕೆ 300 ಪ್ರಯಾಣ ಮಾಡುತ್ತದೆ ಎಂದರೆ ಸರಣಿಗಳು 36 ಲಕ್ಷ. ಬರುವ ಅಳತೆ ಒಂದೂ ಹೆಚ್ಚಿಲ್ಲ, ಆದರೂ ಮೆಮೊರಿ ಏರುತ್ತಲೇ ಹೋಗುತ್ತದೆ. ಅಳತೆಯ ವೇಗ ಅಷ್ಟೇ ಇದ್ದು ಮೆಮೊರಿ ಮಾತ್ರ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಮೊದಲು ನೋಡಬೇಕಾದ್ದು ಟ್ಯಾಗ್‌ಗಳನ್ನು. ಪ್ರಯಾಣದ ವಿವರ ಬೇರೆ ಟೇಬಲ್‌ನಲ್ಲಿರಲಿ: ಈ ಕಂಟೇನರ್, ಈ ಸಮಯದಿಂದ ಈ ಸಮಯದವರೆಗೆ, ಈ ಪ್ರಯಾಣದಲ್ಲಿತ್ತು ಎಂದು.

ಈ ಕೊನೆಯ ಮಾತಿನಿಂದಲೇ ನನ್ನ ಆಯ್ಕೆ ಹೊರಡುತ್ತದೆ. ಅಳತೆಯನ್ನು ಪ್ರಯಾಣ, ಸರಕು, ಗ್ರಾಹಕರ ಟೇಬಲ್‌ಗಳ ಜೊತೆ ಜೋಡಿಸಿ ಕೇಳುವ ಪ್ರಶ್ನೆಗಳು ಹೆಚ್ಚಿದ್ದರೆ ಪೋಸ್ಟ್‌ಗ್ರೆಸ್ ಮೇಲೆಯೇ ನಿಂತ ಟೈಮ್‌ಸ್ಕೇಲ್‌ಡಿಬಿ ಒಳ್ಳೆಯದು. ಯಂತ್ರಗಳ ಮೇಲೆ ಕಣ್ಣಿಡುವುದು, ಎಚ್ಚರಿಕೆ ಕೊಡುವುದು ಇಷ್ಟೇ ಕೆಲಸವಾಗಿದ್ದು ತಂಡಕ್ಕೆ ಇನ್‌ಫ್ಲಕ್ಸ್ ಗೊತ್ತಿದ್ದರೆ ಅಮೆಜಾನ್‌ನಲ್ಲಿ ಅದನ್ನೇ ನಡೆಸಿಕೊಡುವ ಸೇವೆ ಇದೆ. ದಿನಕ್ಕೆ ಕೆಲವು ಲಕ್ಷ ಅಳತೆ ಮಾತ್ರ ಬರುವುದಾದರೆ ಯಾವುದೂ ಬೇಡ, ತಿಂಗಳ ಲೆಕ್ಕದಲ್ಲಿ ಪಾರ್ಟಿಷನ್ ಮಾಡಿದ ಸಾಮಾನ್ಯ ಟೇಬಲ್ ವರ್ಷಗಟ್ಟಲೆ ನಡೆಯುತ್ತದೆ.

## ಎರಡನೆಯ ಪ್ರಶ್ನೆ: ಎಲ್ಲೆಲ್ಲಿಗೆ ಹೋಯಿತು?

ಒಟ್ಟಿಗೆ ತಯಾರಾದ ಒಂದು ಲಾಟ್ ಲಸಿಕೆಯನ್ನು ಮೂರು ಸಲ ಸೀಸೆಗಳಿಗೆ ತುಂಬುತ್ತಾರೆ, ಆ ಭರ್ತಿಗಳು ಪೆಟ್ಟಿಗೆಗಳಾಗುತ್ತವೆ, ಪೆಟ್ಟಿಗೆಗಳು ಕಂಟೇನರ್ ಸೇರಿ ಗೋದಾಮಿಗೆ ಬರುತ್ತವೆ. ಅಲ್ಲಿ ಪೆಟ್ಟಿಗೆ ಒಡೆದು, ಬೇರೆ ಲಾಟ್‌ಗಳ ಜೊತೆ ಬೆರೆಸಿ, ಸಣ್ಣ ಪೆಟ್ಟಿಗೆ ಕಟ್ಟಿ ಚಿಕಿತ್ಸಾಲಯಗಳಿಗೆ ಕಳಿಸುತ್ತಾರೆ. ಉಳಿದದ್ದು ವಾಪಸ್ ಬರುವುದೂ ಉಂಟು. ಎಷ್ಟು ಹಂತ ಎಂದು ಮೊದಲೇ ಹೇಳಲಾಗದು.

ಇದನ್ನು ಕೇಳಿದ ಕೂಡಲೇ ‘ಗ್ರಾಫ್ ಡೇಟಾಬೇಸ್ ಬೇಕು’ ಎನ್ನುವವರು ಬಹಳ. ನನಗೆ ಹಾಗನ್ನಿಸುವುದಿಲ್ಲ. ಯಾವುದರಿಂದ ಯಾವುದಕ್ಕೆ ಹೋಯಿತು ಎಂಬುದನ್ನು `parent`, `child` ಎಂಬ ಎರಡು ಕಾಲಂಗಳಲ್ಲಿ ಬರೆದಿಟ್ಟ `moved` ಟೇಬಲ್ ಇದ್ದರೆ, ಲಾಟ್ `L-4471` ಎಲ್ಲೆಲ್ಲಿಗೆ ಹೋಯಿತು ಎಂಬುದಕ್ಕೆ ಪೋಸ್ಟ್‌ಗ್ರೆಸ್‌ನಲ್ಲಿ ಇಷ್ಟು ಸಾಕು:

```sql
WITH RECURSIVE t(id) AS (
  SELECT 'L-4471'
  UNION
  SELECT m.child FROM moved m JOIN t ON m.parent = t.id
)
SELECT id FROM t;
```

ಇಲ್ಲಿ `UNION ALL` ಬರೆಯದೆ `UNION` ಬರೆದದ್ದರಲ್ಲೇ ಗುಟ್ಟಿದೆ. ಒಮ್ಮೆ ಕಂಡದ್ದು ಮತ್ತೆ ಸೇರುವುದಿಲ್ಲ, ಹಾಗಾಗಿ ವಾಪಸ್ ಬಂದ ಪೆಟ್ಟಿಗೆಯ ಸುತ್ತಿನಲ್ಲಿ ಕ್ವೆರಿ ಕೊನೆಯಿಲ್ಲದೆ ತಿರುಗುವುದಿಲ್ಲ. `parent` ಮೇಲೆ ಇಂಡೆಕ್ಸ್ ಇದ್ದರೆ ಸಾವಿರಾರು ಪೆಟ್ಟಿಗೆಗಳ ಜಾಡನ್ನು ಇದು ಬೇಗನೆ ಹಿಡಿಯುತ್ತದೆ. ಸಂಬಂಧ ಒಂದೇ ಬಗೆಯದು, ದಿಕ್ಕು ಒಂದೇ, ಪ್ರಶ್ನೆ ಮೊದಲೇ ಗೊತ್ತು ಎಂದಾದರೆ ಗ್ರಾಫ್‌ಗೆ ಹಣ ಸುರಿಯಬೇಕಿಲ್ಲ.

ಪ್ರಶ್ನೆ ತಿರುವುಮುರುವಾದಾಗ ಚಿತ್ರ ಬದಲಾಗುತ್ತದೆ. 14 ಚಿಕಿತ್ಸಾಲಯಗಳಿಂದ ದೂರು ಬಂದಿದೆ, ಲಾಟ್‌ಗಳು ಬೇರೆ ಬೇರೆ. ಇವುಗಳಲ್ಲಿ ಸಮಾನವಾದದ್ದು ಏನು? ಒಂದೇ ಕಂಟೇನರ್ ಇರಬಹುದು, ಒಂದೇ ಐಸ್‌ಪ್ಯಾಕ್ ಸರಬರಾಜು, ಒಂದೇ ದುರಸ್ತಿ ತಂಡ ಮುಟ್ಟಿದ ಕಂಪ್ರೆಸರ್, ಒಂದೇ ಪಾಳಿಯಲ್ಲಿ ಕಟ್ಟಿದ ಪೆಟ್ಟಿಗೆ. ಯಾವುದೆಂದು ಗೊತ್ತಿಲ್ಲದೆಯೇ ಕೇಳಬೇಕು. ಟೇಬಲ್‌ಗಳಲ್ಲಿ ಪ್ರತಿಯೊಂದು ಸಾಧ್ಯತೆಗೂ ಒಂದೊಂದು ಜಾಯಿನ್ ಬರೆಯಬೇಕಾಗುತ್ತದೆ, ನಿಮಗೆ ಹೊಳೆಯದೇ ಹೋದದ್ದನ್ನು ಕೇಳುವುದೇ ಇಲ್ಲ. ಗ್ರಾಫ್‌ನಲ್ಲಿ ಪ್ರತಿ ವಸ್ತುವೂ ಒಂದು ನೋಡ್, ಸಂಬಂಧಗಳು ಅವುಗಳ ನಡುವಿನ ಕೊಂಡಿಗಳು. ಅಲ್ಲಿ ಸಂಬಂಧದ ಹೆಸರು ಹೇಳದೆಯೇ ಹಿಂದಕ್ಕೆ ನಡೆಯಬಹುದು:

```
MATCH (c:Clinic)<-[*1..6]-(x)
WHERE c.id IN $clinics
WITH x, count(DISTINCT c) AS n
WHERE n >= 10
RETURN labels(x), x.id, n
ORDER BY n DESC
```

ಇದು ಓಪನ್‌ಸೈಫರ್ ಎಂಬ ಗ್ರಾಫ್ ಭಾಷೆ. 14ರಲ್ಲಿ ಕನಿಷ್ಠ 10 ಚಿಕಿತ್ಸಾಲಯಗಳಿಗೆ ಆರು ಹೆಜ್ಜೆಯೊಳಗೆ ತಲುಪುವ ಯಾವುದೇ ವಸ್ತುವನ್ನು ಕೊಡು ಎನ್ನುತ್ತದೆ. ಗ್ರಾಫ್ ಡೇಟಾಬೇಸ್ ಕಟ್ಟಿದ್ದು ಇಂಥ ಪ್ರಶ್ನೆಗೆ. ವಂಚನೆಯ ಜಾಲ ಪತ್ತೆ, ಯಾರಿಗೆ ಯಾವ ದಾರಿಯಿಂದ ಯಾವ ಪ್ರವೇಶಾನುಮತಿ ಸಿಕ್ಕಿದೆ ಎಂಬ ಪರಿಶೀಲನೆ, ಎಲ್ಲವೂ ಇದೇ ಜಾತಿಯವು.

ಆದರೆ ಮೇಲಿನ ಕ್ವೆರಿಯನ್ನು ಹಾಗೆಯೇ ಓಡಿಸಿದರೆ ಬಹುಶಃ ಮುಗಿಯುವುದೇ ಇಲ್ಲ. ಒಂದೊಂದು ನೋಡ್‌ನಿಂದಲೂ ಹಿಂದಕ್ಕೆ ಸರಾಸರಿ 20 ಕೊಂಡಿಗಳಿದ್ದರೆ ಆರು ಹೆಜ್ಜೆಗೆ 6 ಕೋಟಿ 40 ಲಕ್ಷ ದಾರಿಗಳು, ಅದೂ ಒಂದೇ ಚಿಕಿತ್ಸಾಲಯಕ್ಕೆ. ಅಮೆಜಾನ್‌ನ ಗ್ರಾಫ್ ಸೇವೆ ನೆಪ್ಚೂನ್‌ನಲ್ಲಿ ಕ್ವೆರಿಯ ಸಮಯದ ಮಿತಿ `neptune_query_timeout` ಮೊದಲಿಗೆ 120 ಸೆಕೆಂಡ್ ಇರುತ್ತದೆ, ಅಷ್ಟರಲ್ಲಿ ಕ್ವೆರಿ ಸಾಯುತ್ತದೆ. ಆಗ ಸಮಯ ಹೆಚ್ಚಿಸುವುದು ಪರಿಹಾರವಲ್ಲ. ಆಳವನ್ನು 2, 3, 4 ಎಂದು ಏರಿಸುತ್ತಾ ಓಡಿಸಿ ಸಮಯ ಬರೆದುಕೊಳ್ಳಿ. ಒಂದೊಂದು ಹೆಜ್ಜೆಗೂ ಹತ್ತಿಪ್ಪತ್ತು ಪಟ್ಟು ಏರಿದರೆ ತೊಂದರೆ ಯಂತ್ರದ್ದಲ್ಲ, ಗ್ರಾಫ್‌ನ ಆಕಾರದ್ದು.

ಆ ಆಕಾರ ಕೆಡಿಸುವುದು ಹೆಚ್ಚಾಗಿ ಒಂದೆರಡು ದೈತ್ಯ ನೋಡ್‌ಗಳು. ಕೇಂದ್ರ ಗೋದಾಮು ಒಂದು ನೋಡ್, ಅದಕ್ಕೆ ನಾಲ್ಕು ಲಕ್ಷ ಪೆಟ್ಟಿಗೆಗಳ ಕೊಂಡಿ ಎಂದರೆ, ಅದನ್ನು ಹಾದುಹೋದ ಪ್ರತಿ ದಾರಿಯೂ ನಾಲ್ಕು ಲಕ್ಷವಾಗಿ ಸಿಡಿಯುತ್ತದೆ. ಬರೀ ನಿಧಾನವಾದರೆ ಸಹಿಸಬಹುದಿತ್ತು. ಉತ್ತರವೇ ತಪ್ಪಾಗುತ್ತದೆ. ಮಾರ್ಚ್‌ನಲ್ಲಿ ಗೋದಾಮು ಬಿಟ್ಟ ಪೆಟ್ಟಿಗೆಗೂ ಜೂನ್‌ನಲ್ಲಿ ಗೋದಾಮಿಗೆ ಬಂದ ಕೆಟ್ಟ ಲಾಟ್‌ಗೂ ಗ್ರಾಫ್‌ನಲ್ಲಿ ದಾರಿ ಇದೆ, ವಾಸ್ತವದಲ್ಲಿ ಇರಲು ಸಾಧ್ಯವಿಲ್ಲ. ಸರಕು ಹಿಂದಿನ ದಿನಕ್ಕೆ ಸಾಗುವುದಿಲ್ಲವಲ್ಲ.

ಇದಕ್ಕೆ ನಾನು ಒಪ್ಪುವ ಮದ್ದು ಒಂದೇ. ಜಾಗವನ್ನು ನೋಡ್ ಮಾಡಬೇಡಿ, ಘಟನೆಯನ್ನು ನೋಡ್ ಮಾಡಿ. ‘ಗೋದಾಮು’ ಎಂಬ ಒಂದು ನೋಡ್ ಬದಲು ‘ಈ ಗೋದಾಮಿನಲ್ಲಿ ಈ ಹೊತ್ತಿಗೆ ನಡೆದ ಮರುಪ್ಯಾಕಿಂಗ್’ ಎಂಬ ಸಾವಿರಾರು ಸಣ್ಣ ನೋಡ್‌ಗಳಿರಲಿ. ಒಳಗೆ ಬಂದ ಪೆಟ್ಟಿಗೆಗಳಿಂದ ಅದಕ್ಕೆ ಕೊಂಡಿ, ಅದರಿಂದ ಹೊರಟ ಪೆಟ್ಟಿಗೆಗಳಿಗೆ ಕೊಂಡಿ. ಒಂದು ಮರುಪ್ಯಾಕಿಂಗ್‌ನಲ್ಲಿ ಇಪ್ಪತ್ತು ಮೂವತ್ತು ಪೆಟ್ಟಿಗೆಗಿಂತ ಹೆಚ್ಚು ಇರುವುದಿಲ್ಲ, ದಾರಿಯೂ ಕಾಲದ ದಿಕ್ಕಿನಲ್ಲೇ ಸಾಗುತ್ತದೆ. ಗೋದಾಮಿನ ಹೆಸರು ಆ ನೋಡ್‌ನ ಒಂದು ಗುಣವಾಗಿ ಉಳಿದರೆ ಸಾಕು.

ಸೇವೆಗಳ ಬಗ್ಗೆ. ನೆಪ್ಚೂನ್ 2018ರಿಂದ ಬಳಕೆಯಲ್ಲಿದೆ, ಗ್ರೆಮ್ಲಿನ್, ಓಪನ್‌ಸೈಫರ್, ಸ್ಪಾರ್ಕಲ್ ಮೂರು ಭಾಷೆ ಅದಕ್ಕೆ ಬರುತ್ತವೆ. ಮೊದಲೆರಡು ಒಂದೇ ದತ್ತಾಂಶದ ಮೇಲೆ ಓಡುತ್ತವೆ. ಸ್ಪಾರ್ಕಲ್‌ನ ಆರ್‌ಡಿಎಫ್ ದತ್ತಾಂಶ ಬೇರೆಯೇ ಲೋಕ, ಒಂದರಲ್ಲಿ ತುಂಬಿಸಿದ್ದು ಇನ್ನೊಂದಕ್ಕೆ ಕಾಣುವುದಿಲ್ಲ. ಬರೆಯುವುದಕ್ಕೆ ಒಂದೇ ಯಂತ್ರ, ಓದುವುದಕ್ಕೆ 15ರವರೆಗೆ ಸೇರಿಸಬಹುದು. ನಿಯೋ4ಜೆ ಎಂಬ ಗ್ರಾಫ್ ಡೇಟಾಬೇಸಿನ ಕ್ಲೌಡ್ ಸೇವೆ ಔರಾ ಅಮೆಜಾನ್, ಅಜೂರ್, ಗೂಗಲ್ ಮೂರರ ಮೇಲೂ ಸಿಗುತ್ತದೆ, ಸೈಫರ್ ಹುಟ್ಟಿದ್ದೂ ಆ ಮನೆಯಲ್ಲೇ. ಗೂಗಲ್ 2024ರಲ್ಲಿ ತಂದ ಸ್ಪ್ಯಾನರ್ ಗ್ರಾಫ್‌ನ ದಾರಿ ಬೇರೆ: ಇರುವ ಟೇಬಲ್‌ಗಳನ್ನೇ ಗ್ರಾಫ್ ಎಂದು ಘೋಷಿಸಿ ಪ್ರಶ್ನೆ ಕೇಳಬಹುದು, ದತ್ತಾಂಶ ನಕಲು ಮಾಡಬೇಕಿಲ್ಲ. ಎರಡು ಡೇಟಾಬೇಸ್‌ಗಳನ್ನು ಒಂದೇ ಹೆಜ್ಜೆಯಲ್ಲಿ ನಡೆಸುವ ತಲೆನೋವು ಗ್ರಾಫ್ ಬಳಕೆಯಲ್ಲಿ ನಿಜಕ್ಕೂ ದೊಡ್ಡದು. ಅದನ್ನು ತಪ್ಪಿಸುವ ಈ ದಾರಿ ನನಗೆ ಇಷ್ಟ.

## ಮೂರನೆಯ ಪ್ರಶ್ನೆ: ಯಾರಾದರೂ ತಿದ್ದಿದ್ದಾರೆಯೇ?

ಪ್ರಯಾಣ ಮುಗಿದಾಗ ಪ್ರಮಾಣಪತ್ರ ಹೊರಡುತ್ತದೆ: ಗರಿಷ್ಠ 7.6 ಡಿಗ್ರಿ, ಎಲ್ಲ ಸರಿ. ಎರಡು ತಿಂಗಳ ನಂತರ ದೂರು ಬಂದಾಗ ಔಷಧ ಕಂಪನಿ ಕೇಳುತ್ತದೆ, ‘ಇದು ಅಂದೇ ಬರೆದದ್ದೋ, ದೂರು ಬಂದ ಮೇಲೆ ತಿದ್ದಿದ್ದೋ?’ ಸಾಗಣೆ ಸಂಸ್ಥೆ ‘ನಮ್ಮ ಆಡಿಟ್ ಟೇಬಲ್ ನೋಡಿ’ ಎಂದರೆ ಪ್ರಯೋಜನವಿಲ್ಲ. ಪ್ರಮಾಣಪತ್ರವನ್ನು ತಿದ್ದಬಲ್ಲ ಅಡ್ಮಿನ್ ಆಡಿಟ್ ಟೇಬಲನ್ನೂ ತಿದ್ದಬಲ್ಲ. ಅನುಮಾನ ಇರುವುದೇ ಆ ಅಡ್ಮಿನ್ ಮೇಲೆ.

ಲೆಡ್ಜರ್ ಡೇಟಾಬೇಸ್‌ನ ಉಪಾಯ ಹೀಗೆ. ಪ್ರತಿ ವ್ಯವಹಾರದ ದತ್ತಾಂಶದಿಂದ ಹ್ಯಾಶ್ ಎಂಬ ಬೆರಳಚ್ಚಿನಂಥ ಸಂಖ್ಯೆ ತೆಗೆದು, ಅವುಗಳನ್ನು ಕಟ್ಟುಗಳಾಗಿ ಮಾಡಿ, ಒಂದೊಂದು ಕಟ್ಟಿನಲ್ಲೂ ಹಿಂದಿನ ಕಟ್ಟಿನ ಹ್ಯಾಶ್ ಸೇರಿಸುತ್ತಾ ಹೋಗುತ್ತದೆ. ಹಳೆಯ ಸಾಲಿನಲ್ಲಿ ಒಂದು ಅಂಕಿ ಬದಲಾದರೂ ಅಲ್ಲಿಂದ ಮುಂದಿನ ಎಲ್ಲ ಹ್ಯಾಶ್‌ಗಳೂ ತಾಳೆ ತಪ್ಪುತ್ತವೆ. ಈ ಕ್ಷಣದವರೆಗಿನ ಇಡೀ ಸರಪಳಿಗೆ ಬರುವ ಒಂದು ಹ್ಯಾಶ್‌ಗೆ ಡೈಜೆಸ್ಟ್ ಎನ್ನುತ್ತಾರೆ.

ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಕೊಳ್ಳುವವರು ಮರೆಯುವುದು ಮುಂದಿನ ಹೆಜ್ಜೆಯನ್ನು. ಸರಪಳಿ ಪೂರ್ತಿ ಒಬ್ಬರ ಕೈಯಲ್ಲಿದ್ದರೆ ಅವರು ಹಳೆಯ ಸಾಲು ತಿದ್ದಿ, ಅಲ್ಲಿಂದ ಕೊನೆಯವರೆಗೆ ಹ್ಯಾಶ್‌ಗಳನ್ನೆಲ್ಲ ಹೊಸದಾಗಿ ಕಟ್ಟಿಬಿಡಬಹುದು. ಹೊಸ ಸರಪಳಿಯಲ್ಲಿ ಯಾವ ತಪ್ಪೂ ಕಾಣದು. ಅದನ್ನು ಹಿಡಿಯುವುದು ಹೊರಗೆ ಉಳಿದ ಹಳೆಯ ಡೈಜೆಸ್ಟ್ ಮಾತ್ರ. ಆದ್ದರಿಂದ ಲೆಡ್ಜರ್‌ನ ಬೆಲೆಯೆಲ್ಲ ಡೈಜೆಸ್ಟ್ ಎಲ್ಲಿದೆ, ಯಾರ ಕೀಲಿಯಲ್ಲಿದೆ ಎಂಬುದರಲ್ಲಿದೆ. ಡೈಜೆಸ್ಟ್ ಅದೇ ಅಡ್ಮಿನ್ ಅಳಿಸಬಹುದಾದ ಫೋಲ್ಡರ್‌ನಲ್ಲಿದ್ದರೆ ನೀವು ಕೊಂಡದ್ದು ದುಬಾರಿ ಆಡಿಟ್ ಟೇಬಲ್ ಅಷ್ಟೆ.

ಅಜೂರ್ ಎಸ್‌ಕ್ಯುಎಲ್ ಡೇಟಾಬೇಸ್‌ನಲ್ಲಿ ಇದು ಸಾಮಾನ್ಯ ಟೇಬಲ್‌ನ ಒಂದು ಗುಣವಾಗಿಯೇ ಸಿಗುತ್ತದೆ:

```sql
CREATE TABLE dbo.TempCertificate (
  cert_id   INT NOT NULL,
  trip_id   INT NOT NULL,
  max_c     DECIMAL(4,1) NOT NULL,
  issued_at DATETIME2 NOT NULL
) WITH (LEDGER = ON (APPEND_ONLY = ON));
```

`APPEND_ONLY` ಎಂದರೆ ಸೇರಿಸಬಹುದು, ತಿದ್ದಲು ಅಳಿಸಲು ಆಗದು. ಪ್ರಮಾಣಪತ್ರಕ್ಕೆ ಇದೇ ಸರಿ. ತಪ್ಪಾದರೆ ಹೊಸ ಪ್ರಮಾಣಪತ್ರ ಹೊರಡಿಸಬೇಕು, ಹಳೆಯದು ಹಾಗೆಯೇ ಉಳಿಯಬೇಕು. ತಿದ್ದಲು ಬಿಟ್ಟು ಹಳೆಯ ರೂಪಗಳನ್ನು ಬೇರೆ ಟೇಬಲ್‌ನಲ್ಲಿ ಉಳಿಸುವ ಇನ್ನೊಂದು ಬಗೆಯೂ ಇದೆ. ಡೈಜೆಸ್ಟ್‌ಗಳು ಸುಮಾರು 30 ಸೆಕೆಂಡಿಗೊಮ್ಮೆ ತಾವಾಗಿಯೇ ಅಜೂರ್‌ನ ಫೈಲ್ ಸಂಗ್ರಹವಾದ ಬ್ಲಾಬ್ ಸ್ಟೋರೇಜ್‌ಗೆ ಹೋಗುವಂತೆ ಮಾಡಬಹುದು. ಆ ಸ್ಟೋರೇಜ್‌ಗೆ ಅಳಿಸಲಾಗದ ನೀತಿ ಹಾಕಿ, ಅದರ ಹೊಣೆಯನ್ನು ಡೇಟಾಬೇಸ್ ತಂಡದಿಂದ ಬೇರೆಯಾದವರಿಗೆ ಕೊಡಿ. ಇನ್ನೂ ಒಳ್ಳೆಯದು, ದಿನಕ್ಕೊಂದು ಡೈಜೆಸ್ಟನ್ನು ಔಷಧ ಕಂಪನಿಗೇ ಕಳಿಸಿಬಿಡಿ. ಕೆಲವೇ ಸಾಲುಗಳ ಪಠ್ಯ ಅದು. ಅವರ ಕೈಯಲ್ಲೇ ಇರುವ ಸಾಕ್ಷಿಯನ್ನು ನೀವು ಬದಲಿಸಿದಿರಿ ಎಂದು ಯಾರೂ ಹೇಳಲಾರರು.

ದೂರು ಬಂದಾಗ `sp_verify_database_ledger` ಓಡಿಸಿ, ಔಷಧ ಕಂಪನಿಯ ಬಳಿ ಇರುವ ಡೈಜೆಸ್ಟ್ ಕೊಟ್ಟು ತಾಳೆ ನೋಡಬೇಕು. ಇದು ತಿದ್ದುವುದನ್ನು ತಡೆಯುವುದಿಲ್ಲ, ಡಿಸ್ಕಿನ ಫೈಲ್ ಮುಟ್ಟಬಲ್ಲವರು ತಿದ್ದಿಯೇ ಬಿಡಬಹುದು. ತಿದ್ದಿದ್ದನ್ನು ಬಯಲಿಗೆ ತರುತ್ತದೆ, ಅದೂ ಯಾರಾದರೂ ತಾಳೆ ನೋಡಿದಾಗ ಮಾತ್ರ. ಹಾಗಾಗಿ ತಾಳೆ ನೋಡುವುದು ದೂರಿಗೆ ಕಾಯದೆ ಪ್ರತಿ ರಾತ್ರಿ ನಡೆಯುವ ಕೆಲಸವಾಗಿರಲಿ. ನಾಲ್ಕು ತಿಂಗಳ ನಂತರ ತಾಳೆ ತಪ್ಪಿದೆ ಎಂದು ತಿಳಿದರೆ ಯಾವ ದಿನ ತಪ್ಪಿತು ಎಂಬುದನ್ನು ಹುಡುಕುವುದೇ ದೊಡ್ಡ ತನಿಖೆಯಾಗುತ್ತದೆ.

ಮುಂಚೆಯೇ ತಿಳಿದಿರಬೇಕಾದ ಮಿತಿಗಳೂ ಇವೆ. ಸೆನ್ಸರ್ ಕೆಟ್ಟು 5 ಡಿಗ್ರಿ ಎಂದೇ ತೋರಿಸುತ್ತಿದ್ದರೆ ಲೆಡ್ಜರ್ ಆ ಸುಳ್ಳನ್ನು ಅಷ್ಟೇ ಭದ್ರವಾಗಿ ಕಾಪಾಡುತ್ತದೆ. ಈಗಿರುವ ಟೇಬಲನ್ನು ಲೆಡ್ಜರ್ ಆಗಿ ಬದಲಿಸಲಾಗದು, ಹೊಸ ಟೇಬಲ್ ಮಾಡಿ ದತ್ತಾಂಶ ನಕಲು ಮಾಡಬೇಕು. ಲೆಡ್ಜರ್ ಆದದ್ದು ಮತ್ತೆ ಸಾಮಾನ್ಯವೂ ಆಗದು. ಸಹಿ ಹಾಕಿದವರ ಹೆಸರು, ಫೋನ್ ಸಂಖ್ಯೆಯಂಥ ವೈಯಕ್ತಿಕ ಮಾಹಿತಿಯನ್ನು ಅದರಲ್ಲಿ ಬರೆದರೆ, ಕಾನೂನಿನ ಪ್ರಕಾರ ಅಳಿಸಬೇಕಾದ ದಿನ ದಾರಿ ಇರುವುದಿಲ್ಲ. ಅಲ್ಲಿ ಒಂದು ಅರ್ಥವಿಲ್ಲದ ಸಂಖ್ಯೆಯನ್ನಿಟ್ಟು, ಆ ಸಂಖ್ಯೆ ಯಾರದೆಂಬುದನ್ನು ಬೇರೆ ಸಾಮಾನ್ಯ ಟೇಬಲ್‌ನಲ್ಲಿಡಿ.

ಹಲವು ಸಂಸ್ಥೆಗಳು ಸೇರಿ ಬರೆಯುವ ದಾಖಲೆಯಾಗಿದ್ದು, ಯಾರ ಬಳಿಯೂ ಇಡಲು ಉಳಿದವರು ಒಪ್ಪದಿದ್ದರೆ ಮಾತ್ರ ಬ್ಲಾಕ್‌ಚೈನ್‌ನ ಮಾತು ಬರುತ್ತದೆ. ಇಲ್ಲಿ ಬರೆಯುವವರು ಒಬ್ಬರೇ, ಆದ್ದರಿಂದ ಬೇಕಿಲ್ಲ.

## ಸೇವೆಯೇ ಮುಚ್ಚಿದರೆ?

ವಿಶೇಷ ಡೇಟಾಬೇಸ್ ಕೊಳ್ಳುವಾಗ ನಾನು ವೇಗಕ್ಕಿಂತ ಮೊದಲು ನೋಡುವುದು ಇದನ್ನು. ಲೆಡ್ಜರ್ ಎಂದರೆ ಒಂದು ಕಾಲಕ್ಕೆ ಎಲ್ಲರ ಬಾಯಲ್ಲೂ ಬರುತ್ತಿದ್ದ ಹೆಸರು ಅಮೆಜಾನ್ ಕ್ಯುಎಲ್‌ಡಿಬಿ. 2019ರ ಸೆಪ್ಟೆಂಬರ್‌ನಲ್ಲಿ ಎಲ್ಲರಿಗೂ ತೆರೆದ ಅದು 2025ರ ಜುಲೈ 31ಕ್ಕೆ ಮುಗಿಯಿತು. ಅಮೆಜಾನ್‌ನ ಟೈಮ್-ಸೀರೀಸ್ ಸೇವೆ ಟೈಮ್‌ಸ್ಟ್ರೀಮ್‌ನ ಲೈವ್‌ಅನಾಲಿಟಿಕ್ಸ್ 2025ರ ಜೂನ್ 20ರಿಂದ ಹೊಸ ಗ್ರಾಹಕರನ್ನು ತೆಗೆದುಕೊಳ್ಳುತ್ತಿಲ್ಲ. ಅಜೂರ್‌ನ ಟೈಮ್ ಸೀರೀಸ್ ಇನ್‌ಸೈಟ್ಸ್ 2024ರ ಜುಲೈನಲ್ಲಿ ನಿಂತಿತು. ಹಳೆಯ ಲೇಖನಗಳಲ್ಲಿ ಈ ಹೆಸರುಗಳು ಇನ್ನೂ ಶಿಫಾರಸಾಗಿ ಕಾಣುತ್ತವೆ, ನಂಬಿ ಹೊರಡಬೇಡಿ.

ಈ ಮೂರರಲ್ಲೂ ಸೇವೆ ಆ ಒಂದೇ ಕಂಪನಿಯಲ್ಲಿ ಮಾತ್ರ ಸಿಗುವಂಥದ್ದು. ಟೈಮ್‌ಸ್ಕೇಲ್‌ಡಿಬಿ, ಇನ್‌ಫ್ಲಕ್ಸ್, ನಿಯೋ4ಜೆಗಳನ್ನು ಬೇಕೆಂದರೆ ನಿಮ್ಮದೇ ಯಂತ್ರದಲ್ಲಿ ನಡೆಸಬಹುದು. ಗ್ರಾಫ್ ಭಾಷೆಗೆ 2024ರ ಏಪ್ರಿಲ್‌ನಲ್ಲಿ ಜಿಕ್ಯುಎಲ್ ಎಂಬ ಐಎಸ್‌ಒ ಮಾನಕವೂ ಬಂತು, ಸೈಫರ್ ಬಲ್ಲವರಿಗೆ ಅದು ಪರಿಚಿತವಾಗಿಯೇ ಕಾಣುತ್ತದೆ. ಲೆಡ್ಜರ್‌ನಲ್ಲಿ ಬಿಟ್ಟುಹೋಗುವುದು ಎಲ್ಲಕ್ಕಿಂತ ಕಷ್ಟ. ದತ್ತಾಂಶವನ್ನು ಹೊರತೆಗೆದು ಬೇರೆಡೆ ಇಡಬಹುದು, ಹ್ಯಾಶ್ ಸರಪಳಿ ಹೊಸ ಜಾಗದಲ್ಲಿ ಹೊಸದಾಗಿಯೇ ಶುರುವಾಗುತ್ತದೆ. ಹಳೆಯ ಪ್ರಮಾಣಪತ್ರಗಳ ಸಾಕ್ಷಿ ಉಳಿಯಬೇಕೆಂದರೆ, ಹಳೆಯ ಸರಪಳಿಯ ಪೂರ್ತಿ ರಫ್ತನ್ನೂ ಕೊನೆಯ ಡೈಜೆಸ್ಟನ್ನೂ, ಅದನ್ನು ಸೇವೆಯ ಸಹಾಯವಿಲ್ಲದೆ ಮತ್ತೆ ಲೆಕ್ಕ ಹಾಕುವ ಪ್ರೋಗ್ರಾಮನ್ನೂ ಒಟ್ಟಿಗೆ ಕಾಪಾಡಬೇಕು. ಆ ಪ್ರೋಗ್ರಾಮನ್ನು ಸೇವೆ ಚೆನ್ನಾಗಿ ನಡೆಯುತ್ತಿರುವಾಗಲೇ ಬರೆದು ಒಮ್ಮೆ ಓಡಿಸಿ ನೋಡಿ.

## ಈ ಸಂಸ್ಥೆಗೆ ನಾನು ಹೇಳುವುದು

ದಿನಕ್ಕೆ ಹತ್ತು ಕೋಟಿ ಅಳತೆ ಇರುವುದರಿಂದ ಟೈಮ್-ಸೀರೀಸ್ ಮೊದಲ ದಿನದಿಂದಲೇ ಬೇಕು, ಟೈಮ್‌ಸ್ಕೇಲ್‌ಡಿಬಿ ಸಾಕು. ಜಾಡು ಹಿಡಿಯುವ ಕೆಲಸ ಸದ್ಯಕ್ಕೆ `moved` ಟೇಬಲ್ ಮತ್ತು ಮೇಲಿನ ಕ್ವೆರಿಯಿಂದ ನಡೆಯಲಿ, ಮರುಪ್ಯಾಕಿಂಗನ್ನು ಮಾತ್ರ ಈಗಿನಿಂದಲೇ ಘಟನೆಯಾಗಿ ದಾಖಲಿಸಲಿ. ‘ಇವುಗಳಲ್ಲಿ ಸಮಾನವಾದದ್ದು ಏನು’ ಎಂಬ ಬಗೆಯ ಪ್ರಶ್ನೆ ತಿಂಗಳಿಗೊಮ್ಮೆಯಾದರೂ ಬರತೊಡಗಿದಾಗ ಅದೇ ದತ್ತಾಂಶವನ್ನು ಗ್ರಾಫ್‌ಗೆ ಏರಿಸಬಹುದು. ಲೆಡ್ಜರ್‌ನಲ್ಲಿ ಪ್ರಮಾಣಪತ್ರಗಳು ಮಾತ್ರ ಇರಲಿ. ಹತ್ತು ಕೋಟಿ ಅಳತೆಗಳನ್ನೂ ಅದರಲ್ಲಿ ತುಂಬುವ ಆಸೆ ಬೇಡ. ಬದಲಿಗೆ ಪ್ರಮಾಣಪತ್ರ ಹೊರಡಿಸುವಾಗ ಆ ಪ್ರಯಾಣದ ಕಚ್ಚಾ ಅಳತೆಗಳನ್ನು ಒಂದು ಫೈಲ್ ಮಾಡಿ, ಆ ಫೈಲಿನ ಹ್ಯಾಶನ್ನು ಪ್ರಮಾಣಪತ್ರದ ಸಾಲಿಗೆ ಇನ್ನೊಂದು ಕಾಲಂ ಆಗಿ ಸೇರಿಸಲಿ. ಫೈಲ್ ಅಗ್ಗದ ಸ್ಟೋರೇಜ್‌ನಲ್ಲಿ ಕುಳಿತಿರುತ್ತದೆ. ಯಾರಾದರೂ ಪ್ರಶ್ನಿಸಿದ ದಿನ ಅದರ ಹ್ಯಾಶ್ ಮತ್ತೆ ತೆಗೆದು, ಲೆಡ್ಜರ್‌ನಲ್ಲಿರುವುದಕ್ಕೆ ತಾಳೆ ನೋಡಿ, 7.6 ಡಿಗ್ರಿ ಎಲ್ಲಿಂದ ಬಂತು ಎಂಬುದನ್ನು ಸೆನ್ಸರ್‌ನ 10 ಸೆಕೆಂಡಿನ ಅಳತೆಯವರೆಗೂ ತೋರಿಸಬಹುದು.